ಮಸೆದ ಮೆಟ್ಟುಗತ್ತಿಯ ಬಾಯಿ ನಿಲ್ಲದಿದ್ದರೆ: ಉಕ್ಕಿನ ಮೇಲಿನ ಬಣ್ಣದಿಂದ ಕಾರಣ ಹುಡುಕುವುದು

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಮನೆಯ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು ಅಟ್ಟದಿಂದ ಇಳಿಯುತ್ತವೆ. ವರ್ಷವಿಡೀ ಮೂಲೆಯಲ್ಲಿದ್ದು ತುಕ್ಕು ಹಿಡಿದ ಅಲಗನ್ನು ಈಗ ಮಸೆಗಲ್ಲಿನ ಮೇಲೆ ಉಜ್ಜುತ್ತಾ ಕೂರುವವರು ಕಡಿಮೆ. ಪೇಟೆಯ ವೆಲ್ಡಿಂಗ್ ಅಂಗಡಿಗೆ ಕೊಟ್ಟರೆ ಗ್ರೈಂಡರ್ ಚಕ್ರಕ್ಕೆ ಹಿಡಿದು ಐದು ನಿಮಿಷದಲ್ಲಿ ಹೊಳೆಯುವ ಬಾಯಿ ಮಾಡಿ ಕೊಡುತ್ತಾರೆ. ಮೊದಲ ಬುಟ್ಟಿ ಚೆನ್ನಾಗಿ ಸುಲಿಯುತ್ತದೆ. ಎರಡನೆಯ ಬುಟ್ಟಿಯ ಹೊತ್ತಿಗೆ ಸಿಪ್ಪೆ ಸೀಳುವ ಬದಲು ಜಾರತೊಡಗುತ್ತದೆ. ಮತ್ತೆ ಮಸೆದರೂ ಅದೇ ಕತೆ.

ಆಗ ಬರುವ ಪ್ರಶ್ನೆ ಯಾವಾಗಲೂ ಒಂದೇ: ಕತ್ತಿ ಮಾಡಿದ ಆಚಾರಿ ಹದ ತಪ್ಪಿಸಿದನೋ, ಸಾಣೆ ಹಿಡಿದವನು ಸುಟ್ಟನೋ? ಇದಕ್ಕೆ ಉತ್ತರ ಬಹಳ ಸಲ ಕತ್ತಿಯ ಮೇಲೆಯೇ ಇರುತ್ತದೆ. ಕಾದ ಉಕ್ಕು ತಾನು ಎಷ್ಟು ಬಿಸಿಯಾಗಿದ್ದೆ ಎಂಬುದನ್ನು ಮೈಮೇಲೆ ಬಣ್ಣವಾಗಿ ಉಳಿಸಿಕೊಳ್ಳುತ್ತದೆ. ಆದರೆ ಆ ಬಣ್ಣ ಹೇಳುವುದು ಶಾಖವನ್ನು ಮಾತ್ರ, ಗಡಸುತನವನ್ನಲ್ಲ. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ತಪ್ಪು ತೀರ್ಪುಗಳು ಹುಟ್ಟುತ್ತವೆ.

ಮೊದಲು ಒರೆಸಬೇಡಿ

ದೂರು ಬಂದ ಕೂಡಲೇ ಕತ್ತಿಯನ್ನು ಹುಣಸೆಹುಳಿಯಿಂದಲೋ ಮುರುಗಲು ಹುಳಿಯಿಂದಲೋ ಉಜ್ಜಿ ಬೆಳಗಿಸಿ ತರುವ ಸಜ್ಜನರಿದ್ದಾರೆ. ಹುಳಿ ತಾಗಿದರೆ ಶಾಖದ ಬಣ್ಣ ಕರಗಿಹೋಗುತ್ತದೆ. ಎಮರಿ ಕಾಗದ ಹಾಕಿದರೂ ಅಷ್ಟೇ. ಬಣ್ಣ ಹೋದರೆ ಸಾಕ್ಷಿ ಹೋಯಿತು, ದೋಷ ಮಾತ್ರ ಅಲ್ಲೇ ಉಳಿಯಿತು. ಆದ್ದರಿಂದ ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ಮಾತ್ರ ತೆಗೆಯಿರಿ, ಬೇರೇನನ್ನೂ ಮಾಡಬೇಡಿ.

ನೋಡುವ ಬೆಳಕೂ ಮುಖ್ಯ. ಹಳದಿ ಬಲ್ಬಿನ ಕೆಳಗೆ ತಿಳಿ ಹಳದಿ ಬಣ್ಣ ಕಾಣುವುದೇ ಇಲ್ಲ. ನೇರ ಬಿಸಿಲಿನಲ್ಲಿ ಹೊಳಪು ಕಣ್ಣು ಕುಕ್ಕುತ್ತದೆ. ಜಗುಲಿಯಲ್ಲಿ ನಿಂತು ಅಂಗಳದ ಕಡೆ ಮುಖ ಮಾಡಿದರೆ ಸಿಗುವ ನೆರಳಿನ ಬೆಳಕು ಸರಿಯಾದದ್ದು. ಕತ್ತಿಯನ್ನು ಓರೆ ಮಾಡಿದರೆ ಬಣ್ಣ ಸ್ವಲ್ಪ ಬದಲಾಗುವುದರಿಂದ ಎಲ್ಲ ಕತ್ತಿಗಳನ್ನೂ ಆದಷ್ಟು ನೇರವಾಗಿ, ಒಂದೇ ಕೋನದಲ್ಲಿ ಹಿಡಿದು ನೋಡಬೇಕು.

ಕರಾವಳಿಯವರಿಗೆ ಇನ್ನೊಂದು ಅವಸರವಿದೆ. ಕಾರವಾರ, ಅಂಕೋಲಾದ ಉಪ್ಪುಗಾಳಿಯಲ್ಲಿ ಹೊಸದಾಗಿ ಉಜ್ಜಿದ ಉಕ್ಕಿನ ಮೇಲೆ ರಾತ್ರಿ ಕಳೆಯುವುದರೊಳಗೆ ತುಕ್ಕಿನ ಛಾಯೆ ಕೂರಬಹುದು. ಬಣ್ಣ ಓದುವ ಕೆಲಸವನ್ನು ನಾಳೆಗೆ ಇಟ್ಟುಕೊಳ್ಳಬಾರದು.

ಬಣ್ಣ ಎಲ್ಲಿಂದ ಬರುತ್ತದೆ

ಶುಭ್ರವಾದ ಉಕ್ಕು ಗಾಳಿಯಲ್ಲಿ ಕಾದಾಗ ಅದರ ಮೈಮೇಲೆ ಆಕ್ಸೈಡಿನ ಪೊರೆ ಬೆಳೆಯುತ್ತದೆ. ಇದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಪೊರೆಯ ಮೇಲಿನಿಂದ ಮತ್ತು ತಳದಿಂದ ಮರಳುವ ಬೆಳಕು ಒಂದರೊಡನೊಂದು ಸೇರಿದಾಗ ಕೆಲವು ಬಣ್ಣಗಳು ಅಳಿದು ಕೆಲವು ಎದ್ದು ಕಾಣುತ್ತವೆ. ಮಳೆಗಾಲದ ರಸ್ತೆಯಲ್ಲಿ ನೀರಿನ ಮೇಲೆ ಹರಡಿದ ಡೀಸೆಲ್ ಬಣ್ಣ ತೋರುವಂತೆ. ಹೆಚ್ಚು ಕಾದಷ್ಟೂ ಪೊರೆ ದಪ್ಪವಾಗಿ ಬಣ್ಣ ಮುಂದೆ ಸರಿಯುತ್ತದೆ. ತಣಿದ ಮೇಲೆ ಪೊರೆ ತೆಳುವಾಗುವುದಿಲ್ಲವಾದ್ದರಿಂದ ಬಣ್ಣ ಹಿಂದಕ್ಕೆ ಹೋಗುವುದಿಲ್ಲ.

ಸಾಮಾನ್ಯ ಇಂಗಾಲದ ಉಕ್ಕಿನಲ್ಲಿ, ಕೆಲವು ನಿಮಿಷಗಳ ಶಾಖಕ್ಕೆ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದೂ ಇಲ್ಲದಂಥ ತಿಳಿ ಹಳದಿ ಮೂಡುತ್ತದೆ. 230ರ ಹತ್ತಿರ ಅದು ಒಣಹುಲ್ಲಿನ ಬಣ್ಣವಾಗುತ್ತದೆ, 240ಕ್ಕೆ ಜೇನಿನಂತೆ ಗಾಢವಾಗುತ್ತದೆ. 255–260ರಲ್ಲಿ ಕಂದು, 280ರ ಸುಮಾರಿಗೆ ನೇರಳೆ, 300ರ ಹತ್ತಿರ ಕಡುನೀಲಿ, ಮುಂದೆ 320ರ ಸುಮಾರಿಗೆ ತಿಳಿನೀಲಿ. ಅದನ್ನೂ ದಾಟಿದರೆ ಬಣ್ಣ ಮಂಕಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಈ ಬೂದು ಮೋಸದ್ದು. ಕಾದೇ ಇಲ್ಲದ ಉಕ್ಕೂ ಬೂದು ಬಣ್ಣದ್ದಾಗಿಯೇ ಕಾಣುವುದರಿಂದ ಎಲ್ಲಕ್ಕಿಂತ ಹೆಚ್ಚು ಸುಟ್ಟ ಜಾಗವನ್ನು ‘ಏನೂ ಆಗಿಲ್ಲ’ ಎಂದು ಬಿಟ್ಟುಬಿಡುವ ಸಾಧ್ಯತೆ ಇದೆ. ಆದ್ದರಿಂದ ಒಂದು ಬಣ್ಣವನ್ನಷ್ಟೇ ನೋಡಿ ತೀರ್ಮಾನಿಸಬಾರದು. ಪಕ್ಕದಲ್ಲಿ ಯಾವ ಬಣ್ಣವಿದೆ, ಅದರಾಚೆ ಯಾವುದಿದೆ ಎಂದು ಸಾಲನ್ನು ಓದಬೇಕು. ನೀಲಿಯ ಪಕ್ಕದ ಬೂದು ಸುಟ್ಟದ್ದು. ತಿಳಿ ಹಳದಿಯ ಆಚೆಗಿರುವ ಬೂದು ತಣ್ಣಗಿದ್ದದ್ದು.

ಮುದ್ರಿತ ಬಣ್ಣದ ಪಟ್ಟಿಗಿಂತ ಕೈಯಲ್ಲಿ ಮಾಡಿಕೊಂಡ ಮಾದರಿ ಪಟ್ಟಿ ಮೇಲು. ಅದೇ ಜಾತಿಯ ಉಕ್ಕಿನ ಒಂದು ಗೇಣುದ್ದದ ತುಂಡನ್ನು ಬೆಳ್ಳಗೆ ಉಜ್ಜಿ, ಒಂದು ತುದಿಯನ್ನು ಮಾತ್ರ ಗ್ಯಾಸಿನ ಉರಿಗೆ ಹಿಡಿಯಿರಿ. ಬಣ್ಣಗಳು ಸಾಲಾಗಿ ತಣ್ಣನೆಯ ತುದಿಯತ್ತ ನಡೆಯುವುದು ಕಾಣುತ್ತದೆ. ಎಲ್ಲವೂ ಬಿಡಿಸಿಕೊಂಡು ನಿಂತಾಗ ನೀರಿಗೆ ಅದ್ದಿದರೆ ಅವು ಅಲ್ಲೇ ನಿಲ್ಲುತ್ತವೆ. ಒರೆಸಿ, ಒಣಗಿಸಿ, ಎಣ್ಣೆ ಸವರಿ ಇಡಿ. ಹೋಲಿಸುವ ಮೊದಲು ಎಣ್ಣೆ ತೆಗೆಯಿರಿ.

ಶಾಖದ ಬಣ್ಣವಲ್ಲದ ಬಣ್ಣಗಳು

ನಮ್ಮ ಊರಿನ ಕತ್ತಿಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಅಡಿಕೆಯ ಒಗರು. ಹಸಿ ಅಡಿಕೆಯ ರಸದಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಕಲೆಯಾಗುತ್ತದೆ. ಎರಡು ದಿನ ಸುಲಿದ ಮೆಟ್ಟುಗತ್ತಿಯ ಬಾಯಿ ನೋಡಿದರೆ ಯಾರಿಗಾದರೂ ‘ನೀಲಿ ಹೊಡೆದಿದೆ’ ಅನ್ನಿಸಬೇಕು. ವ್ಯತ್ಯಾಸ ಇರುವುದು ಆಕಾರದಲ್ಲಿ. ಒಗರಿನ ಕಲೆ ರಸ ಇಳಿದ ದಾರಿಯನ್ನು ಹಿಡಿಯುತ್ತದೆ, ಅಲ್ಲಲ್ಲಿ ಗಟ್ಟಿಯಾಗಿ ಅಲ್ಲಲ್ಲಿ ತೆಳುವಾಗಿ ಇರುತ್ತದೆ, ಅದರ ಅಂಚಿನಲ್ಲಿ ನೇರಳೆ, ಕಂದು, ಹಳದಿಯ ಕ್ರಮ ಇರುವುದಿಲ್ಲ. ಶಾಖದ ನೀಲಿ ಒಂಟಿಯಾಗಿ ಬರುವುದು ಅಪರೂಪ. ತಣ್ಣನೆಯ ಕಡೆಗೆ ತನ್ನ ಪರಿವಾರವನ್ನು ಕರೆದುಕೊಂಡೇ ಬರುತ್ತದೆ. ಹುಳಿ ಹಾಕಿ ಪರೀಕ್ಷಿಸುವುದು ಇಲ್ಲಿ ಪ್ರಯೋಜನಕ್ಕಿಲ್ಲ, ಏಕೆಂದರೆ ಹುಳಿ ಎರಡನ್ನೂ ತೆಗೆಯುತ್ತದೆ.

ಸುಟ್ಟ ಎಣ್ಣೆ ಇನ್ನೊಂದು. ಎಣ್ಣೆ ಸವರಿದ ಅಲಗನ್ನು ಹಾಗೆಯೇ ಚಕ್ರಕ್ಕೆ ಹಿಡಿದರೆ ಕಂದು ಬಣ್ಣದ ಅಂಟು ಪೊರೆ ಉಳಿಯುತ್ತದೆ, ಥೇಟ್ ಜೇನುಬಣ್ಣ. ಉಗುರಿನಿಂದ ಕೆರೆದರೆ ಅಥವಾ ಥಿನ್ನರ್ ಹಾಕಿ ಉಜ್ಜಿದರೆ ಇದು ಎದ್ದು ಬರುತ್ತದೆ. ಆಕ್ಸೈಡ್ ಪೊರೆ ಬರುವುದಿಲ್ಲ. ತುಕ್ಕನ್ನು ಗುರುತಿಸಲು ಪಾಠ ಬೇಕಿಲ್ಲ, ಅದು ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಶಾಖದ ಬಣ್ಣದ ಅಡಿಯಲ್ಲಿ ಲೋಹದ ಹೊಳಪು ಹಾಗೆಯೇ ಇರುತ್ತದೆ.

ಒಂದೇ ಮನೆಯ ಮೂರು ಕತ್ತಿಗಳು

ಶಿರಸಿ ಸಮೀಪದ ಒಂದು ತೋಟದ ಮನೆಯಿಂದ ಬಂದ ಮೂರು ಮೆಟ್ಟುಗತ್ತಿಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೂರನ್ನೂ ಒಂದೇ ದಿನ ಒಂದೇ ಗ್ರೈಂಡರಿಗೆ ಹಿಡಿಸಿದ್ದರು. “ಮೂರರಲ್ಲಿ ಒಂದು ಬೆಣ್ಣೆಯಂತಾಗಿದೆ. ನೋಡಿದರೆ ನೀಲಿಯಾದದ್ದು ಅದಲ್ಲ, ಉಳಿದೆರಡು” ಎಂದು ಯಜಮಾನರು ತಕರಾರು ಇಟ್ಟರು. ಅವರ ಮಾತು ಸರಿಯೇ ಇತ್ತು.

ಮೊದಲನೆಯದು ಲಾರಿಯ ಕಮಾನು ಪಟ್ಟಿಯಿಂದ ಆಚಾರಿ ಬಡಿದು, ನೀರು ಕುಡಿಸಿ, ಎಂದರೆ ಕೆಂಪಗೆ ಕಾಯಿಸಿ ಅದ್ದಿ ಗಡಸು ಮಾಡಿ, ಆಮೇಲೆ ಪೆಡಸು ಇಳಿಯುವಷ್ಟು ಮತ್ತೆ ಕಾಯಿಸಿ ಹದ ಮಾಡಿದ ಕತ್ತಿ. ದೂರು ಇದರದ್ದೇ. ಬಾಯಿ ಬೆಳ್ಳಗೆ ಹೊಳೆಯುತ್ತಿತ್ತು, ನೀಲಿಯ ಸುಳಿವಿಲ್ಲ. ಆದರೆ ಪಕ್ಕೆಯನ್ನು ನೆರಳಿನ ಬೆಳಕಿಗೆ ಹಿಡಿದಾಗ ಬಾಯಿಯಿಂದ ಸುಮಾರು ಆರು ಮಿಲಿಮೀಟರ್ ಹಿಂದೆ ಒಣಹುಲ್ಲಿನ ಬಣ್ಣದ ಗೆರೆ, ನಾಲ್ಕರ ಹತ್ತಿರ ಕಂದು, ಮೂರರ ಹತ್ತಿರ ಕೂದಲೆಳೆಯಷ್ಟು ನೇರಳೆ, ಅಲ್ಲಿಂದ ಮುಂದೆ ಬೆಳ್ಳಗಿನ ಇಳಿಜಾರು. ಸಾಲು ಅರ್ಧಕ್ಕೆ ಕಡಿದುಹೋಗಿದೆ. ನೇರಳೆಯ ಮುಂದೆ ಬರಬೇಕಾದ ನೀಲಿ, ಬೂದು ಎಲ್ಲಿ? ಗ್ರೈಂಡರಿನವನು ಕೊನೆಯಲ್ಲಿ ನಯ ಚಕ್ರ ಹಿಡಿದು ಇಳಿಜಾರನ್ನು ಬೆಳಗಿಸಿದ್ದ. ಅವು ಅದರೊಡನೆ ಹೋಗಿದ್ದವು. ಚಕ್ರದ ಶಾಖ ಹುಟ್ಟುವುದು ಬಾಯಿಯಲ್ಲಿ, ಅಲ್ಲಿ ಉಕ್ಕು ತೆಳುವಾದ್ದರಿಂದ ಶಾಖಕ್ಕೆ ಹೋಗಲು ಜಾಗವಿಲ್ಲ. ಹೀಗಾಗಿ ಮೂರು ಮಿಲಿಮೀಟರ್ ಹಿಂದೆ ನೇರಳೆ, ಅಂದರೆ 280 ಡಿಗ್ರಿಯಷ್ಟು ಆಗಿದ್ದರೆ ತುದಿ 300ನ್ನು ಬಹುದೂರ ದಾಟಿತ್ತು ಎಂದೇ ಓದಬೇಕು.

ಇನ್ನು ಅರದ ಪರೀಕ್ಷೆ. ಚೆನ್ನಾಗಿರುವ ನಯ ಅರದ ಮೂಲೆಯನ್ನು ಹಗುರವಾಗಿ ಎಳೆದರೆ ಗಡಸು ಉಕ್ಕಿನ ಮೇಲೆ ಅದು ಜಾರುತ್ತದೆ, ಮೆತ್ತಗಿದ್ದರೆ ಕಚ್ಚುತ್ತದೆ. ಈ ಕತ್ತಿಯಲ್ಲಿ ಬಾಯಿಯ ಹತ್ತಿರ ಅರ ಸಲೀಸಾಗಿ ಕಚ್ಚಿತು, ಹಳದಿ ಗೆರೆಯ ಆಚೆ ಜಾರಿತು. ಬಡಿದು ಮಾಡಿದ ಕತ್ತಿಯಲ್ಲಿ ಒಂದು ಎಚ್ಚರ ಬೇಕು: ಕುಲುಮೆಯಲ್ಲಿ ಮೈಮೇಲಿನ ಇಂಗಾಲ ಉರಿದುಹೋಗಿ ಹೊರಗಿನ ತೆಳು ಪದರ ಮೆತ್ತಗಿರಬಹುದು. ಮೊದಲ ಒಂದೆರಡು ಎಳೆತಕ್ಕೆ ಕಚ್ಚಿ ಆಮೇಲೆ ಜಾರಿದರೆ ಒಳಗೆ ಉಕ್ಕು ಸರಿಯಿದೆ ಎಂದರ್ಥ. ಇಲ್ಲಿ ಎಷ್ಟು ಎಳೆದರೂ ಕಚ್ಚುತ್ತಲೇ ಇತ್ತು. ಹಿಂಭಾಗ ಗಡಸು, ಮುಂಭಾಗ ಮೆತ್ತಗೆ, ನಡುವೆ ಬಣ್ಣದ ಸಾಲು: ಆಚಾರಿಯ ಹದ ಸರಿಯಿತ್ತು, ಸಾಣೆ ಸುಟ್ಟಿದೆ. ಅರ ಹಿಂಭಾಗದಲ್ಲೂ ಹಾಗೆಯೇ ಕಚ್ಚಿದ್ದರೆ ತೀರ್ಪು ತಿರುಗುತ್ತಿತ್ತು. ಹದವೇ ಕೂರದ ಕತ್ತಿಗೆ ಬಣ್ಣ ಬಂದರೂ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಮೆತ್ತನೆಯ ಕಟ್ಟಡದ ಸರಳೂ ಉರಿಗೆ ಹಿಡಿದರೆ ಇದೇ ಹಳದಿ, ಇದೇ ನೀಲಿ ತೋರುತ್ತದೆ.

ಎರಡನೆಯ ಕತ್ತಿಯ ನೀಲಿ ಇದ್ದದ್ದು ಬುಡದಲ್ಲಿ, ಮರದ ಮಣೆಗೆ ಸೇರುವ ಬಾಲದ ಹತ್ತಿರ. ಬಾಲವನ್ನು ಕಾಯಿಸಿ ಮರಕ್ಕೆ ಇಳಿಸುವುದು ಹಳೆಯ ಪದ್ಧತಿ, ಆ ಶಾಖ ಮೇಲೇರಿ ನೀಲಿಯ ಪಟ್ಟೆ ಬಿಟ್ಟಿದೆ. ಸಾಲು ಬುಡದಿಂದ ಬಾಯಿಯ ಕಡೆ ತಿಳಿಯಾಗುತ್ತಾ ಬಂದು ಕೆಲಸದ ಭಾಗಕ್ಕೆ ತಲುಪುವ ಮೊದಲೇ ಮುಗಿದಿದೆ. ಬಣ್ಣ ಯಾವ ದಿಕ್ಕಿಗೆ ತಿಳಿಯಾಗುತ್ತದೋ ಶಾಖ ಅದರ ಎದುರು ದಿಕ್ಕಿನಿಂದ ಬಂದಿದೆ. ಈ ನೀಲಿಯಿಂದ ನಷ್ಟವಿಲ್ಲ, ಲಾಭವೇ ಉಂಟು: ಬುಡ ಸ್ವಲ್ಪ ಮೆತ್ತಗಿದ್ದರೆ ಮುರಿಯುವುದಿಲ್ಲ.

ಯಜಮಾನರನ್ನು ತಬ್ಬಿಬ್ಬು ಮಾಡಿದ್ದು ಮೂರನೆಯದು. ಬಾಯಿಯ ಉದ್ದಕ್ಕೂ ಅಚ್ಚನೆಯ ನೀಲಿ, ಸಾಲು ಪೂರ್ತಿ ಇದೆ, ಶಾಖದ್ದೇ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಅರ ಜಾರುತ್ತದೆ, ಕತ್ತಿ ಸಂಜೆಯವರೆಗೆ ಸುಲಿಯುತ್ತದೆ. ಇದು ಗುಜರಿಯಿಂದ ತಂದ, ಕಾರ್ಖಾನೆಯ ಯಂತ್ರಗರಗಸದ ಅಲಗಿನಿಂದ ಕತ್ತರಿಸಿ ಮಾಡಿದ್ದು. ಅಂಥ ಅಲಗುಗಳಲ್ಲಿ ಹಲವು ಹೈಸ್ಪೀಡ್ ಸ್ಟೀಲಿನವು. ಆ ಉಕ್ಕನ್ನು ಹದ ಮಾಡುವುದೇ 550 ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಶಾಖ ಕಂಡ ಉಕ್ಕಿಗೆ ನೀಲಿ ತರುವ ಶಾಖ ಲೆಕ್ಕಕ್ಕಿಲ್ಲ.

ಇಲ್ಲಿದೆ ಇಡೀ ವಿಷಯದ ಗಂಟು. ಗಡಸು ಮಾಡಿದ ಉಕ್ಕು, ಹಿಂದೆ ತನ್ನನ್ನು ಹದ ಮಾಡಿದ ಶಾಖವನ್ನು ಹೊಸ ಶಾಖ ಮೀರಿದಾಗ ಮಾತ್ರ ಗಮನಾರ್ಹವಾಗಿ ಮೆತ್ತಗಾಗುತ್ತದೆ. ಆಚಾರಿ 230ರ ಹತ್ತಿರ, ಅಂದರೆ ಹುಲ್ಲಿನ ಬಣ್ಣಕ್ಕೆ ನಿಲ್ಲಿಸಿದ ಕತ್ತಿಗೆ ನೀಲಿ ಎಂದರೆ ನಷ್ಟ. ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 58ರ ಸುಮಾರಿನಲ್ಲಿದ್ದ ಕಮಾನು ಪಟ್ಟಿಯ ಉಕ್ಕು 54ರ ಹತ್ತಿರಕ್ಕೆ ಇಳಿಯಬಹುದು, ತುದಿ ಇನ್ನೂ ಹೆಚ್ಚು ಕಾದಿದ್ದರೆ 50ರ ಕೆಳಗೂ ಹೋಗಬಹುದು. ಅದೇ ಕಮಾನು ಪಟ್ಟಿಯನ್ನು ಕುಲುಮೆಗೆ ಹಾಕದೆ, ಇದ್ದಂತೆಯೇ ಕೊರೆದು ಕತ್ತಿ ಮಾಡಿದ್ದರೆ ಕತೆ ಬೇರೆ. ಲಾರಿ ಕಮಾನನ್ನು ತಯಾರಿಸುವಾಗಲೇ 400 ಡಿಗ್ರಿಗಿಂತ ಮೇಲೆ ಹದ ಮಾಡಿರುತ್ತಾರೆ. ಅಂಥ ಕತ್ತಿ ಮೊದಲಿನಿಂದಲೂ ಮೆದು, ನೀಲಿಯಾದರೆ ಇನ್ನಷ್ಟು ಮೆದುವಾಗುವುದಿಲ್ಲ. ಅದರ ಬಾಯಿ ನಿಲ್ಲದಿದ್ದರೆ ಸಾಣೆಯವನ ಮೇಲೆ ಹರಿಹಾಯುವುದು ಅನ್ಯಾಯ. ಹಾಗಾಗಿ ಬಣ್ಣ ನೋಡಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ, ಈ ಕತ್ತಿ ಯಾವುದರಿಂದ ಮಾಡಿದ್ದು, ನೀರು ಕುಡಿಸಿದ್ದು ಹೌದೇ ಎಂಬುದು.

ಬಾಯಿ ಮಡಚಿದೆಯೋ, ಉದುರಿದೆಯೋ

ಮೆತ್ತಗಾದ ಬಾಯಿ ಮಡಚುತ್ತದೆ. ಉಗುರನ್ನು ಪಕ್ಕೆಯಿಂದ ಬಾಯಿಯ ಕಡೆ ಎಳೆದರೆ ಒಂದು ಬದಿಯಲ್ಲಿ ತಡೆ ಸಿಗುತ್ತದೆ. ಬಾಯಿ ಹಲ್ಲುಹಲ್ಲಾಗಿ ಉದುರುತ್ತಿದ್ದರೆ ದೋಷ ಬೇರೆ ಜಾತಿಯದು. ಒಂದೋ ಆಚಾರಿ ನೀರು ಕುಡಿಸಿ ಹದ ಇಳಿಸದೆ ಬಿಟ್ಟಿದ್ದಾನೆ. ಇಲ್ಲವೇ ಚಕ್ರದ ಒತ್ತಡದಲ್ಲಿ ತುದಿ ಒಂದು ಕ್ಷಣ ಕೆಂಪಗಾಗಿ, 730 ಡಿಗ್ರಿ ದಾಟಿ, ಹಿಂದಿನ ತಣ್ಣನೆಯ ಉಕ್ಕು ಆ ಶಾಖವನ್ನು ಎಳೆದುಕೊಂಡಾಗ ತನ್ನಷ್ಟಕ್ಕೆ ಮತ್ತೆ ಗಡಸಾಗಿ ಗಾಜಿನಂತೆ ಪೆಡಸಾಗಿದೆ. ಎರಡನೆಯದಾದರೆ ಉದುರುವ ತುದಿಯ ಹಿಂದೆಯೇ ಮೆತ್ತನೆಯ ಪಟ್ಟೆಯೂ ಬಣ್ಣದ ಸಾಲೂ ಸಿಗುತ್ತವೆ. ಮೊದಲನೆಯದಾದರೆ ಯಾವ ಬಣ್ಣವೂ ಇರುವುದಿಲ್ಲ.

ಅಂಕಿಯನ್ನು ಎಷ್ಟು ನಂಬಬಹುದು

ಪೊರೆ ಬೆಳೆಯುವುದಕ್ಕೆ ಶಾಖದಷ್ಟೇ ಹೊತ್ತೂ ಬೇಕು. 200 ಡಿಗ್ರಿಯ ಒಲೆಯಲ್ಲಿ ಗಂಟೆಗಟ್ಟಲೆ ಇಟ್ಟ ತುಂಡು ಪಟ್ಟಿ ಹೇಳುವುದಕ್ಕಿಂತ ಗಾಢವಾಗುತ್ತದೆ. ಗ್ರೈಂಡರಿನಲ್ಲಿ ಇದರ ವಿರುದ್ಧ: ಶಾಖ ಒಂದೆರಡು ಸೆಕೆಂಡಿನದು, ಅಷ್ಟರಲ್ಲಿ ನೀಲಿ ಮೂಡಬೇಕಾದರೆ ನಿಜವಾದ ಶಾಖ 300ಕ್ಕಿಂತ ಮೇಲೆ ಹೋಗಿರಬೇಕು. ಸಾಣೆಯ ಬಣ್ಣದಿಂದ ಸಿಗುವ ಅಂಕಿಯನ್ನು ‘ಕನಿಷ್ಠ ಇಷ್ಟು’ ಎಂದು ಓದುವುದು ಕ್ಷೇಮ.

ಸ್ಟೇನ್‌ಲೆಸ್ ಸ್ಟೀಲಿಗೆ ಈ ಪಟ್ಟಿ ನಡೆಯುವುದೇ ಇಲ್ಲ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಕಾಣುವಂಥ ಸ್ಟೀಲ್ ಚಾಕುಗಳಲ್ಲಿ ಕ್ರೋಮಿಯಂ ಪೊರೆಯ ಬೆಳವಣಿಗೆಯನ್ನು ತಡೆಯುತ್ತದೆ. ಪಾತ್ರೆಗೆ ಬಳಸುವ ಸ್ಟೇನ್‌ಲೆಸ್‌ನಲ್ಲಿ ತಿಳಿ ಹಳದಿ ಬರುವುದೇ ಸುಮಾರು 290ಕ್ಕೆ, ನೀಲಿ 540ರ ಸುಮಾರಿಗೆ. ಚಾಕುವಿನ ಉಕ್ಕಿನಲ್ಲಿ ಕ್ರೋಮಿಯಂ ಕಡಿಮೆ ಇರುವುದರಿಂದ ಅಂಕಿ ಸ್ವಲ್ಪ ಕೆಳಗಿರಬಹುದು, ಆದರೂ ಸಾದಾ ಉಕ್ಕಿನ ಪಟ್ಟಿಯನ್ನು ಹಿಡಿದು ‘ಬರೀ ಹಳದಿ, ಚಿಂತೆಯಿಲ್ಲ’ ಎನ್ನುವಂತಿಲ್ಲ. ಅಲ್ಲಿ ಹಳದಿಯೇ ಅಪಾಯದ ಗುರುತು.

ಸರಿಪಡಿಸುವುದು

ಮೊದಲನೆಯ ಕತ್ತಿಗೆ ಬೇಕಾದದ್ದು ಮೆತ್ತಗಾದ ಭಾಗವನ್ನು ತೆಗೆಯುವುದು, ಅಷ್ಟೇ. ಬಣ್ಣ ಒರೆಸಿದರೆ ಉಕ್ಕು ಗಡಸಾಗದು. ನೀರು ಹಾಕಿದ ಮಸೆಗಲ್ಲಿನ ಮೇಲೆ ನಿಧಾನಕ್ಕೆ ಬಾಯಿಯನ್ನು ಹಿಂದಕ್ಕೆ ತಂದು, ನಡುನಡುವೆ ಅರ ಎಳೆದು, ಜಾರತೊಡಗಿದ ಕಡೆ ನಿಲ್ಲಿಸಿ ಹೊಸ ಇಳಿಜಾರು ಕಟ್ಟಬೇಕು. ಅಲಗು ಸವೆದು ಅಷ್ಟು ಅಗಲ ಉಳಿದಿಲ್ಲವಾದರೆ ಕುಲುಮೆಗೇ ಹೋಗಬೇಕು. ಅಯಸ್ಕಾಂತ ಹಿಡಿಯದಷ್ಟು, ಅದಕ್ಕಿಂತ ತುಸು ಹೆಚ್ಚು ಕೆಂಪಗೆ ಕಾಯಿಸಿ, ಕಮಾನು ಪಟ್ಟಿಯಾದರೆ ಎಣ್ಣೆಯಲ್ಲಿ ಅದ್ದಿಸಿ. ನೀರಿನಲ್ಲಿ ಬಿರುಕು ಬಿಡುವ ಭಯವಿದೆ. ಆಮೇಲೆ ಪಕ್ಕೆಯನ್ನು ಬೆಳ್ಳಗೆ ಉಜ್ಜಿಸಿ, ಹಿಂಬದಿಯಿಂದ ಕಾಯಿಸುತ್ತಾ ಬಾಯಿಗೆ ಹುಲ್ಲಿನ ಬಣ್ಣ ತಲುಪಿದಾಗ ನಿಲ್ಲಿಸಲು ಹೇಳಿ. ಅಡಿಕೆ ಸುಲಿಯುವ ಕತ್ತಿಗೆ ಪೆಟ್ಟು ಬೀಳುವುದಿಲ್ಲವಾದ್ದರಿಂದ ಆ ಗಡಸು ನಡೆಯುತ್ತದೆ. ಸೌದೆ ಕಡಿಯುವ ಕತ್ತಿಗಾದರೆ ಇನ್ನೂ ಮುಂದೆ, ನೇರಳೆಯ ಹತ್ತಿರಕ್ಕೆ ಹೋಗಬೇಕು.

ಮುಂದಿನ ವರ್ಷವೂ ಗ್ರೈಂಡರಿಗೇ ಕೊಡುವುದಾದರೆ, ಕೊಡುವ ಮೊದಲು ಬಾಯಿಯ ಹಿಂದೆ ಎರಡೂ ಪಕ್ಕೆಗಳಲ್ಲಿ ಬೆರಳಗಲದ ಪಟ್ಟೆಯನ್ನು ಎಮರಿ ಕಾಗದದಿಂದ ಬೆಳ್ಳಗೆ ಮಾಡಿಡಿ. ಕಪ್ಪು ಹೊಪ್ಪಳೆಯಿರುವ ಮೈಯಲ್ಲಿ ಬಣ್ಣ ಕಾಣುವುದಿಲ್ಲ, ಈ ಪಟ್ಟೆಯಲ್ಲಿ ಕಾಣುತ್ತದೆ. ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗುವ ಮೊದಲೇ ಪ್ರತಿ ಎಳೆತಕ್ಕೂ ನೀರಿಗೆ ಅದ್ದಿ ಮಸೆಯಲು ಹೇಳಿ. ಬಾಯಿ ತೀರ ತೆಳುವಾಗುವ ಕೊನೆಯ ಹಂತವನ್ನು ಮನೆಯ ಕಲ್ಲಿಗೆ ಬಿಡಿ. ಕತ್ತಿ ವಾಪಸು ಬಂದಾಗ ಅಂಗಡಿಯ ಬಾಗಿಲಲ್ಲೇ ಆ ಪಟ್ಟೆಯನ್ನು ನೋಡಿ. ತಿಳಿ ಹಳದಿಯೂ ಇಲ್ಲದಿದ್ದರೆ ಹಣ ಕೊಟ್ಟು ಬನ್ನಿ. ಕಂದು ದಾಟಿದ್ದರೆ ಮಾತನಾಡುವುದು ಅಲ್ಲೇ ಸುಲಭ.